ನಮ್ಮ ಕೆರೆಯ ನೀರಿಗೆ ಏನಾಗಿದೆ: ಗ್ರಾಮಸ್ಥರ ಸಭೆಯಲ್ಲಿ ನಕ್ಷೆ ಮತ್ತು ಫೋಟೋಗಳ ಜೊತೆ ಹೇಳಿದ ಮಾತು

ಹಿರಿಯರಿಗೆ, ಅಕ್ಕ-ಅಣ್ಣಂದಿರಿಗೆ ನಮಸ್ಕಾರ. ಹಿಂದೆ ಕೂತವರು ದಯವಿಟ್ಟು ಮುಂದೆ ಬನ್ನಿ. ನಕ್ಷೆಯನ್ನು ಹತ್ತಿರದಿಂದಲೇ ನೋಡಬೇಕು.

ಮೊದಲು ನಮ್ಮ ಊರನ್ನು ಗುರುತು ಹಿಡಿಯೋಣ. ಇಲ್ಲಿ ಶಾಲೆ, ಇಲ್ಲಿ ದೇವಸ್ಥಾನದ ದಾರಿ, ನಡುವೆ ಕೆರೆ. ನೀಲಿ ಗೆರೆಗಳು ತೋಡುಗಳು. ಮೂರು ತೋಡು ಕೆರೆಗೆ ಬಂದು ಸೇರುತ್ತವೆ, ಕೋಡಿಯಿಂದ ಒಂದು ಹೊರಗೆ ಹೋಗುತ್ತದೆ. ಕಂದು ಚುಕ್ಕೆ ಇರುವ ಕಡೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಇದೆ. ಕೆಂಪು ಚುಕ್ಕೆ ಅಂದರೆ ಶೌಚಾಲಯದ ಗುಂಡಿ. ಲೈನ್ ಮನೆ, ಹೋಂಸ್ಟೇ, ನಮ್ಮ ಮನೆ, ಎಲ್ಲವೂ ಅದರಲ್ಲಿವೆ. ಯಾರ ತೋಟದ ಹೆಸರನ್ನೂ ಹಾಕಿಲ್ಲ, ಬೇಕೆಂದೇ ಹಾಕಿಲ್ಲ. ಇದು ಯಾರನ್ನೋ ಹಿಡಿದು ನಿಲ್ಲಿಸುವ ಸಭೆ ಅಲ್ಲ.

ಈಗ ಈ ಎರಡು ಫೋಟೋ ನೋಡಿ. ಎರಡೂ ಮೇಲಿನ ತೋಡು ಕೆರೆಗೆ ಸೇರುವ ಜಾಗದ್ದೇ. ಬಲಗಡೆಯ ಆ ಬಾಗಿದ ಹಲಸಿನ ಮರ ಎರಡರಲ್ಲೂ ಇದೆ. ಮೊದಲನೆಯದು ಕಾಫಿ ಕುಯ್ಲು ಶುರುವಾಗುವ ಮೊದಲು, ಅಕ್ಟೋಬರ್ ಕೊನೆಯಲ್ಲಿ ತೆಗೆದದ್ದು. ತಳದ ಕಲ್ಲು ಕಾಣುತ್ತದೆ. ಎರಡನೆಯದು ಜನವರಿಯದು. ನೀರು ಕಪ್ಪು ಕಷಾಯದ ಬಣ್ಣಕ್ಕೆ ತಿರುಗಿದೆ, ಅಂಚಿನಲ್ಲಿ ಕಾಫಿ ಸಿಪ್ಪೆ ಕಟ್ಟಿ ನಿಂತಿದೆ. ಅವತ್ತಿನ ವಾಸನೆ ಫೋಟೋದಲ್ಲಿ ಬರುವುದಿಲ್ಲ, ಆದರೆ ಇಲ್ಲಿ ಕೂತವರಿಗೆ ಗೊತ್ತು, ಅಲ್ವಾ?

ಬಣ್ಣ ಬದಲಾದದ್ದು ಮಾತ್ರ ಆಗಿದ್ದರೆ ನಾನು ಇಷ್ಟು ಚಿಂತೆ ಮಾಡುತ್ತಿರಲಿಲ್ಲ. ಅರೇಬಿಕಾ ಹಣ್ಣಿನ ಲೋಳೆಯಲ್ಲಿ ಸಿಹಿ ಅಂಶ ಇದೆ. ಪಲ್ಪಿಂಗ್ ನೀರಿನ ಜೊತೆ ಅದು ಕೆರೆಗೆ ಬಂದರೆ ಹುಳಿಯುತ್ತದೆ. ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ಒಮ್ಮೆಲೇ ಹೆಚ್ಚಿ, ನೀರಿನಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ಮುಗಿಸಿಬಿಡುತ್ತವೆ. ಮೀನು ಉಸಿರಾಡುವುದು ಅದರಿಂದಲೇ. ಮೀನು ಬದುಕುವ ನೀರಿನಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಇರಬೇಕು ಎಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೇಳುತ್ತದೆ. ಜನವರಿಯಲ್ಲಿ ಈ ಮೂಲೆಯಲ್ಲಿ ನಮಗೆ ಸಿಕ್ಕಿದ್ದು 1.5. ಕೋಡಿಯ ಹತ್ತಿರ 5 ಇತ್ತು. ಅಂದರೆ ಕೆರೆ ಪೂರ್ತಿ ಹೋಗಿಲ್ಲ. ನನಗೆ ಧೈರ್ಯ ಕೊಟ್ಟದ್ದು ಈ ಒಂದು ಸಂಖ್ಯೆ.

"ಮಳೆಗಾಲದಲ್ಲಿ ಎಲ್ಲ ತೊಳೆದು ಹೋಗುತ್ತದಲ್ಲ" ಎಂದು ಕೆಲವರು ಕೇಳಿದರು. ಜುಲೈ ಫೋಟೋದಲ್ಲಿ ನೀರು ಚೆನ್ನಾಗಿಯೇ ಕಾಣುತ್ತದೆ, ನಿಜ. ಆದರೆ ಈ ಬಾಟಲಿ ನೋಡಿ, ಇದು ಅದೇ ವಾರ ತಳದಿಂದ ತೆಗೆದ ಕೆಸರು. ಮುಚ್ಚಳ ತೆಗೆಯುವುದಿಲ್ಲ, ಹಾಗೇ ಕೈಯಿಂದ ಕೈಗೆ ದಾಟಿಸಿ. ಇನ್ನು ತೊಳೆದು ಹೋದದ್ದು ಎಲ್ಲಿಗೆ ಹೋಯಿತು? ನಮ್ಮ ತೋಡು ಸೇರುವುದು ಕಾವೇರಿಯನ್ನು.

ಕೆಂಪು ಚುಕ್ಕೆಗಳ ವಿಷಯ ಚಿಕ್ಕದು, ಆದರೆ ತುರ್ತಿನದು. ಕೆರೆಯ ಅಂಚಿಗೆ ತೀರಾ ಹತ್ತಿರ ಇರುವ ಗುಂಡಿಗಳ ಕೆಳಗಡೆ, ಮೆಟ್ಟಿಲ ಬಳಿಯ ಕೆರೆ ನೀರಿನಲ್ಲಿ, ಸ್ನಾನದ ನೀರಿಗೆ ಇರುವ ಮಿತಿಗಿಂತ ಜಾಸ್ತಿ ರೋಗಾಣು ಸಿಕ್ಕಿವೆ. ಸದ್ಯಕ್ಕೆ ಮಕ್ಕಳನ್ನು ಆ ಮೆಟ್ಟಿಲ ಕಡೆ ಈಜಲು ಬಿಡಬೇಡಿ.

ಈಗ ಹಸಿರು ಭಾಗ ನೋಡಿ. ಇವು ಗದ್ದೆಗಳು. ಹಳೆಯ ನಕ್ಷೆಯಲ್ಲಿ ಕೆರೆಯ ಮೇಲ್ಭಾಗದಲ್ಲಿ ಹಸಿರು ತುಂಬಿದೆ, ಹೊಸದರಲ್ಲಿ ಅರ್ಧವೂ ಇಲ್ಲ. ಕೆಲವು ಪಾಳು ಬಿದ್ದಿವೆ, ಕೆಲವು ಶುಂಠಿಗೆ ಹೋದವು, ಕೆಲವು ಸೈಟ್ ಆದವು. ಮೊದಲು ತೋಡಿನ ನೀರು ಗದ್ದೆಯಿಂದ ಗದ್ದೆಗೆ ಇಳಿದು, ನಿಧಾನವಾಗಿ, ಕೆಸರನ್ನು ಅಲ್ಲಲ್ಲೇ ಬಿಟ್ಟು ಬರುತ್ತಿತ್ತು. ಈಗ ನೇರ ಕೆರೆಗೆ ನುಗ್ಗುತ್ತದೆ. ಗದ್ದೆ ಬಿಟ್ಟವರನ್ನು ನಾನು ದೂರುವುದಿಲ್ಲ. ಕೂಲಿ ಸಿಗದೆ, ಆನೆ ಕಾಟ ತಡೆಯದೆ ಬಿಟ್ಟವರೇ ಹೆಚ್ಚು.

ಮುಂದಿನ ಕುಯ್ಲಿಗೆ ಮೊದಲು ಆಗಬಹುದಾದದ್ದು ಇದು. ಪಲ್ಪಿಂಗ್ ನೀರನ್ನು ತೋಡಿಗೆ ಬಿಡದೆ, ಇಂಗದಂತೆ ಟಾರ್ಪಾಲ್ ಹಾಸಿದ ಗುಂಡಿಯಲ್ಲಿ ನಿಲ್ಲಿಸಿ, ಸುಣ್ಣ ಹಾಕಿ ಹುಳಿ ಕಡಿಮೆ ಮಾಡುವುದು. ಒಂದೇ ನೀರನ್ನು ಅವತ್ತಿನ ಪಲ್ಪಿಂಗ್‌ಗೆ ಮತ್ತೆ ಬಳಸಿದರೆ ಗುಂಡಿಯೂ ಚಿಕ್ಕದು ಸಾಕು. ಸಿಪ್ಪೆಯನ್ನು ತೋಡಿನ ದಡದಲ್ಲಿ ರಾಶಿ ಹಾಕದೆ ಗೊಬ್ಬರದ ಗುಂಡಿಗೆ ಹಾಕುವುದು. ಚಿಕ್ಕ ತೋಟದವರು ಹಣ್ಣನ್ನೇ ಒಣಗಿಸಿ ಚೆರಿ ಮಾಡಿದರೆ ಈ ತೊಂದರೆಯೇ ಇಲ್ಲ. ಆದರೆ ಪಲ್ಪಿಂಗ್ ಮಾಡಿ ಒಣಗಿಸಿದ ಪಾರ್ಚ್‌ಮೆಂಟ್‌ಗೆ ಸಿಗುವ ರೇಟು ಬೇರೆ, ಅದು ನನಗೂ ಗೊತ್ತು. ಆದ್ದರಿಂದ ಮೊದಲು ಗುಂಡಿಯ ಬಗ್ಗೆ ಮಾತಾಡೋಣ. ಅಕ್ಕಪಕ್ಕದ ಮೂರು ನಾಲ್ಕು ತೋಟದವರು ಸೇರಿ ಒಂದು ಮಾಡಿಕೊಂಡರೆ ಖರ್ಚು ಹಂಚಿಹೋಗುತ್ತದೆ.

ಪೆನ್ಸಿಲ್ ಮೇಜಿನ ಮೇಲಿದೆ. ನಕ್ಷೆಯಲ್ಲಿ ಬಿಟ್ಟುಹೋದ ತೋಡು, ಬಾವಿ, ಗುಂಡಿ ಇದ್ದರೆ ಗುರುತು ಹಾಕಿ. ಗುಂಡಿಗೆ ಜಾಗ ಕೊಡಬಲ್ಲವರು ಅಲ್ಲೇ ಒಂದು ಸುತ್ತು ಎಳೆಯಿರಿ. ಕಾಫಿ ಆಗುವಷ್ಟರಲ್ಲಿ ನೋಡಿ, ಪ್ರಶ್ನೆಗಳನ್ನು ಅಲ್ಲಿಂದಲೇ ಶುರು ಮಾಡೋಣ.