ಗೋಷ್ಠಿಗಳ ಅಧ್ಯಕ್ಷರಿಗೆ: ಸಮಯ ಮತ್ತು ಸಭಿಕರ ಪ್ರಶ್ನೆಗಳ ಬಗ್ಗೆ

ಮಡಿಕೇರಿ
5 ಅಕ್ಟೋಬರ್ 2026

ಮಾನ್ಯರೇ,

ಕೊಡಗಿನ ಮಳೆ, ಮರ ಮತ್ತು ಕಾಡುಪ್ರಾಣಿಗಳನ್ನು ಕುರಿತ ನಮ್ಮ ವಿಚಾರ ಸಂಕಿರಣದಲ್ಲಿ ಒಂದೊಂದು ಗೋಷ್ಠಿಯ ಅಧ್ಯಕ್ಷತೆ ವಹಿಸಲು ನೀವೆಲ್ಲ ಒಪ್ಪಿದ್ದೀರಿ. ಅದಕ್ಕಾಗಿ ಸಮಿತಿಯ ಪರವಾಗಿ ವಂದನೆಗಳು. ಇದೇ ತಿಂಗಳ 24 ಮತ್ತು 25, ಶನಿವಾರ ಮತ್ತು ಭಾನುವಾರ, ತುಲಾ ಸಂಕ್ರಮಣದ ಓಡಾಟ ಮುಗಿದು ಅರೇಬಿಕಾ ಕೊಯ್ಲು ಬಿರುಸಾಗುವ ಮೊದಲಿನ ಬಿಡುವು. ಬೆಳೆಗಾರರೂ ತೋಟದ ಕಾರ್ಮಿಕರೂ ಬರಲಿ ಎಂದೇ ಈ ದಿನಗಳನ್ನು ಆರಿಸಿದೆವು. ಬಂದವರಿಗೆ ಮಾತನಾಡಲು ನಿಜವಾಗಿ ಅವಕಾಶ ಸಿಗುವುದೋ ಇಲ್ಲವೋ ಎಂಬುದು ಬಹುಪಾಲು ನಿಮ್ಮ ಕೈಯಲ್ಲಿದೆ. ಆದ್ದರಿಂದ ಈ ದೀರ್ಘ ಪತ್ರ.

ಮೊದಲು ಲೆಕ್ಕ. ಪ್ರತಿ ಗೋಷ್ಠಿಗೆ 90 ನಿಮಿಷ, ನಾಲ್ಕು ಪ್ರಬಂಧ. ಒಬ್ಬೊಬ್ಬ ಪ್ರಬಂಧಕಾರರಿಗೆ 15 ನಿಮಿಷ ಮಂಡನೆ, 5 ನಿಮಿಷ ಪ್ರಶ್ನೆ. ಅಲ್ಲಿಗೆ 80 ನಿಮಿಷ ಆಯಿತು. ಉಳಿದ ಹತ್ತರಲ್ಲಿ 3 ನಿಮಿಷ ನಿಮ್ಮ ಆರಂಭದ ಮಾತಿಗೆ. ಮಿಕ್ಕ ಏಳು ನಿಮಿಷ ಕೈಯಲ್ಲಿಟ್ಟುಕೊಂಡ ಉಳಿತಾಯ. ಲ್ಯಾಪ್‌ಟಾಪ್ ಬದಲಿಸಲು, ಕರೆಂಟ್ ಹೋಗಿ ಜನರೇಟರ್ ಹತ್ತಿಕೊಳ್ಳುವವರೆಗೆ ಕಾಯಲು, ಕೊನೆಗೆ ನೀವು ಎರಡು ಮಾತು ಹೇಳಿ ಮುಗಿಸಲು ಅದು ಬೇಕಾಗುತ್ತದೆ. ಕರೆಂಟ್ ಹೋದಾಗ ಕಳೆದ ಸಮಯವನ್ನು ಮಾತನಾಡುತ್ತಿದ್ದವರ ಲೆಕ್ಕಕ್ಕೆ ಹಾಕಬೇಡಿ.

ನಮ್ಮ ಕಡೆಯ ಸಭೆಗಳಲ್ಲಿ ಅಧ್ಯಕ್ಷೀಯ ಭಾಷಣ ಎಂಬ ವಾಡಿಕೆ ಇದೆ. ಈ ಬಾರಿ ಅದನ್ನು ಕೈಬಿಟ್ಟಿದ್ದೇವೆ. ನಿಮ್ಮ ಅನುಭವಕ್ಕೆ ಬೆಲೆ ಇಲ್ಲವೆಂದು ದಯವಿಟ್ಟು ಭಾವಿಸಬೇಡಿ. ಆ ಅನುಭವ ಗೋಷ್ಠಿಯನ್ನು ನಡೆಸುವ ರೀತಿಯಲ್ಲಿ ಕಾಣಲಿ ಎಂಬುದು ನಮ್ಮ ಆಸೆ. ಶಾಲು, ಹಾರ, ನೆನಪಿನ ಕಾಣಿಕೆ ಎಲ್ಲವೂ ಉದ್ಘಾಟನೆಯಲ್ಲೇ ಮುಗಿಯುತ್ತವೆ, ಗೋಷ್ಠಿಗಳಲ್ಲಿ ಇರುವುದಿಲ್ಲ. ಪ್ರಬಂಧಕಾರರ ಪರಿಚಯ ಎರಡು ವಾಕ್ಯ ಸಾಕು: ಹೆಸರು, ಊರು ಅಥವಾ ಸಂಸ್ಥೆ, ಯಾವುದರ ಮೇಲೆ ಕೆಲಸ ಮಾಡಿದ್ದಾರೆ ಎಂಬುದು. ಪದವಿ, ಪ್ರಶಸ್ತಿಗಳ ಪಟ್ಟಿಯನ್ನು ಕೈಪಿಡಿಯಲ್ಲಿ ಅಚ್ಚು ಹಾಕಿದ್ದೇವೆ.

ಸಮಯದ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟು ಏಕೆಂದು ಕೆಲವರು ಕೇಳಿದ್ದಾರೆ. ಮೊದಲ ಮೂವರು ತಲಾ ಐದು ನಿಮಿಷ ಹೆಚ್ಚು ತೆಗೆದುಕೊಂಡರೆ ನಾಲ್ಕನೆಯವರ ಮಂಡನೆಯ 15 ನಿಮಿಷವೂ ಹೋಯಿತು. ಆ ನಾಲ್ಕನೆಯವರು ಸಾಮಾನ್ಯವಾಗಿ ಯಾರು? ಕಾರ್ಯಕ್ರಮ ಪಟ್ಟಿಯಲ್ಲಿ ಹಿರಿಯರನ್ನು ಮೊದಲು ಹಾಕಿ, ಕಿರಿಯರನ್ನು ಕೊನೆಗೆ ತಳ್ಳುವುದು ನಮ್ಮಲ್ಲಿ ರೂಢಿ. ಹಾಗಾಗಿ ಮೊದಲ ಸಲ ವೇದಿಕೆ ಹತ್ತಿದ ವಿದ್ಯಾರ್ಥಿನಿಯ ಎರಡು ವರ್ಷದ ದುಡಿಮೆ ‘ಬೇಗ ಬೇಗ ಹೇಳಿ ಮುಗಿಸಿಬಿಡಮ್ಮ’ ಎಂಬ ಮಾತಿನಲ್ಲಿ ಮುಗಿದುಹೋಗುತ್ತದೆ. ಈ ಸಲ ಪಟ್ಟಿಯ ಕ್ರಮವನ್ನು ಚೀಟಿ ಎತ್ತಿ ನಿರ್ಧರಿಸಿದ್ದೇವೆ. ಆದರೂ ಕೊನೆಯಲ್ಲಿ ಯಾರೋ ಒಬ್ಬರು ಇದ್ದೇ ಇರುತ್ತಾರೆ.

ಇನ್ನೊಂದು ಕಾರಣ ಈ ಜಿಲ್ಲೆಯದೇ. ಸಿದ್ದಾಪುರ, ಮಾಲ್ದಾರೆ, ಚೆನ್ನಯ್ಯನಕೋಟೆ ಕಡೆಯಿಂದ ಬರುವವರು ಕತ್ತಲಾಗುವ ಮೊದಲು ಮನೆ ಸೇರಬೇಕು. ಸಂಜೆಯ ನಂತರ ತೋಟದ ರಸ್ತೆಯಲ್ಲಿ ಆನೆ ಎದುರಾಗುವ ಭಯ ಅವರಿಗೆ ದಿನನಿತ್ಯದ್ದು. ಬಸ್ ಇಳಿದು ಲೈನ್ ಮನೆಗೆ ನಡೆದು ಹೋಗುವವರಿಗಂತೂ ಇನ್ನೂ ಹೆಚ್ಚು. ಕೊನೆಯ ಗೋಷ್ಠಿ 3.45ಕ್ಕೆ ಮುಗಿಯದೆ ಐದರವರೆಗೆ ಎಳೆದರೆ, ಆನೆ–ಮಾನವ ಸಂಘರ್ಷದ ಚರ್ಚೆಗೆ ಹೊತ್ತು ಬರುವಾಗ ಆ ಸಂಘರ್ಷವನ್ನು ದಿನವೂ ಎದುರಿಸುವವರು ಎದ್ದು ಹೋಗಿರುತ್ತಾರೆ. ಊರಿನಲ್ಲಿ ಉಳಿಯಲು ಕೊಠಡಿ, ಓಡಾಡಲು ಕಾರು ಇರುವವರು ಮಾತ್ರ ಕೂತು ಮಾತನಾಡಿಕೊಳ್ಳುತ್ತೇವೆ. ಇದನ್ನು ಹಿಂದೆ ಬೇರೆಡೆಯ ಸಭೆಗಳಲ್ಲಿ ಕಂಡಿದ್ದೇವೆ, ನಮ್ಮಲ್ಲಿ ಆಗಬಾರದು.

ಸಮಯ ಸೂಚಿಸಲು ಮುಂದಿನ ಸಾಲಿನಲ್ಲಿ ಒಬ್ಬ ಸ್ವಯಂಸೇವಕರು ಇರುತ್ತಾರೆ. ಐದು ನಿಮಿಷ ಉಳಿದಾಗ ಹಸಿರು, ಎರಡು ಉಳಿದಾಗ ಹಳದಿ, ಮುಗಿದಾಗ ಕೆಂಪು ಹಲಗೆ ತೋರಿಸುತ್ತಾರೆ. ಕೆಂಪು ಕಂಡ ಮೇಲೂ ಮಾತು ನಿಲ್ಲದಿದ್ದರೆ ನೀವು ಎದ್ದು ನಿಲ್ಲಿ, ಏನೂ ಹೇಳಬೇಡಿ. ಇನ್ನೊಂದು ನಿಮಿಷ ಕಳೆದರೆ ಮೈಕ್ ಬಳಿ ಬಂದು, ‘ಸರ್, ತಮ್ಮ ಮುಖ್ಯವಾದ ಮಾತನ್ನು ಒಂದು ವಾಕ್ಯದಲ್ಲಿ ಹೇಳಿ ಮುಗಿಸಿಕೊಡಿ’ ಎನ್ನಿ. ಹೆಚ್ಚು ತೆಗೆದುಕೊಂಡ ನಿಮಿಷಗಳು ಅವರದೇ ಪ್ರಶ್ನೆಯ ಸಮಯದಿಂದ ಕಳೆಯುತ್ತವೆ, ಮುಂದಿನವರ ಸಮಯವನ್ನು ಮುಟ್ಟುವುದಿಲ್ಲ. ಎಲ್ಲ ಪ್ರಬಂಧಕಾರರಿಗೂ ಇದನ್ನು ಪತ್ರದಲ್ಲಿ ತಿಳಿಸಿದ್ದೇವೆ. ಆದರೂ ಗೋಷ್ಠಿಗೆ ಮೊದಲು ನಾಲ್ವರನ್ನೂ ಒಟ್ಟಿಗೆ ಕೂರಿಸಿಕೊಂಡು ಇನ್ನೊಮ್ಮೆ ಹೇಳಿ. ಗುರುಗಳನ್ನೋ ವಯಸ್ಸಾದವರನ್ನೋ ಎಲ್ಲರೆದುರು ತಡೆಯುವುದು ನಮಗೆ ಕಷ್ಟ, ಅದು ಗೌರವದ ಪ್ರಶ್ನೆ. ಮೊದಲೇ ಒಪ್ಪಿಸಿಕೊಂಡಿದ್ದರೆ ನೀವು ಎದ್ದು ನಿಂತಾಗ ಯಾರಿಗೂ ಮುಜುಗರವಾಗುವುದಿಲ್ಲ.

ಯಾರಾದರೂ ಪ್ರಬಂಧಕಾರರು ಬಾರದಿದ್ದರೆ ಮುಂದಿನವರನ್ನು ಬೇಗ ಕರೆಯಬೇಡಿ. ಎರಡು ಕೊಠಡಿಗಳಲ್ಲಿ ಗೋಷ್ಠಿ ಒಟ್ಟಿಗೆ ನಡೆಯುವುದರಿಂದ ಪಟ್ಟಿ ನೋಡಿಕೊಂಡು ಇಂತಿಷ್ಟು ಹೊತ್ತಿಗೆ ಇಂಥ ಪ್ರಬಂಧ ಎಂದು ಬರುವವರಿದ್ದಾರೆ. ಖಾಲಿ ಉಳಿದ 20 ನಿಮಿಷವನ್ನು ಹಿಂದಿನ ಪ್ರಬಂಧಗಳ ಮೇಲಿನ ಪ್ರಶ್ನೆಗಳಿಗೆ ಕೊಡಿ.

ಇನ್ನು ಪ್ರಶ್ನೆಗಳು. ಎಲ್ಲ ಪ್ರಶ್ನೆಗಳನ್ನೂ ಕೊನೆಯಲ್ಲಿ ಒಟ್ಟಿಗೆ ತೆಗೆದುಕೊಳ್ಳೋಣ ಎಂಬ ಸಲಹೆ ಸಮಿತಿಯಲ್ಲಿ ಬಂದಿತ್ತು. ನಾವು ಒಪ್ಪಲಿಲ್ಲ. ಹಾಗೆ ಮಾಡಿದರೆ ಹೆಸರಾದವರೊಬ್ಬರಿಗೇ ಎಲ್ಲ ಪ್ರಶ್ನೆಗಳೂ ಹೋಗಿ, ಉಳಿದ ಮೂವರು ಕೈಕಟ್ಟಿ ಕೂರಬೇಕಾಗುತ್ತದೆ. ಆದ್ದರಿಂದ ಪ್ರತಿ ಮಂಡನೆಯ ಹಿಂದೆಯೇ ಪ್ರಶ್ನೆ. ಒಬ್ಬರಿಗೆ ಒಂದು ಪ್ರಶ್ನೆ, ಒಂದು ನಿಮಿಷ. ಒಮ್ಮೆ ಕೇಳಿದವರು ಎರಡನೆಯ ಸಲ ಕೈ ಎತ್ತಿದರೆ, ಇನ್ನೂ ಕೇಳದವರಿಗೆ ಮೊದಲು ಅವಕಾಶ ಕೊಡಿ.

ಮೊದಲ ಪ್ರಶ್ನೆ ಯಾರಿಂದ ಬರುತ್ತದೆ ಎಂಬುದರ ಮೇಲೆ ನಿಮ್ಮ ಗಮನ ಇರಲಿ. 10 ದೇಶಗಳ ಸುಮಾರು 250 ಸೆಮಿನಾರ್‌ಗಳನ್ನು ಗಮನಿಸಿದ ಅಧ್ಯಯನವೊಂದು 2018ರಲ್ಲಿ ‘ಪ್ಲಾಸ್ ಒನ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಸಭೆಯಲ್ಲಿ ಎಷ್ಟು ಮಹಿಳೆಯರಿದ್ದರು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಅವರು ಕೇಳಿದ ಪ್ರಶ್ನೆಗಳು ಕಡಿಮೆ. ಮೊದಲ ಪ್ರಶ್ನೆಯನ್ನು ಪುರುಷರು ಕೇಳಿದ ಕಡೆ ಇನ್ನೂ ಕಡಿಮೆ ಎಂದು ಅದು ಕಂಡುಕೊಂಡಿತು. ನಮ್ಮ ಸಭೆಗಳಲ್ಲಿ ಮಹಿಳೆಯರ ಜೊತೆಗೆ ತೋಟದ ಕಾರ್ಮಿಕರೂ ಹಾಡಿಗಳಿಂದ ಬಂದ ಜೇನುಕುರುಬ, ಯರವ ಸಮುದಾಯದವರೂ ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂತಿರುತ್ತಾರೆ. ಮಂಡನೆ ಮುಗಿದ ಕೂಡಲೇ ಎದ್ದ ಮೊದಲ ಕೈಗೆ ಮೈಕ್ ಕೊಡಬೇಡಿ. ಹತ್ತು ಸೆಕೆಂಡು ಕಾಯಿರಿ, ಹಿಂದಿನ ಸಾಲುಗಳನ್ನು ನೋಡಿ. ಆ ಮೌನ ನಿಮಗೆ ಉದ್ದವೆನಿಸಬಹುದು, ಆದರೆ ಹಿಂಜರಿಯುವವರು ಕೈ ಎತ್ತುವುದು ಆ ಹೊತ್ತಿನಲ್ಲೇ. ಹಾಗೆಂದು ಯಾರನ್ನೂ ಹೆಸರು ಹಿಡಿದು ಎಬ್ಬಿಸಿ ‘ನೀವು ಏನಾದರೂ ಹೇಳಿ’ ಎಂದು ಸಂಕಟಕ್ಕೆ ಸಿಕ್ಕಿಸಬೇಡಿ.

ಎದ್ದು ಮಾತನಾಡಲು ಇಷ್ಟವಿಲ್ಲದವರಿಗಾಗಿ ಚೀಟಿಗಳಿವೆ. ಬರೆಯಲು ಬಾರದವರು ಹೇಳಿದರೆ ಸ್ವಯಂಸೇವಕರೇ ಬರೆದು ತರುತ್ತಾರೆ. ಪ್ರತಿ ಪ್ರಬಂಧಕ್ಕೂ ಕನಿಷ್ಠ ಒಂದು ಚೀಟಿಯನ್ನು ನೀವೇ ಓದಿ ಹೇಳಿ. ಬರೆದವರ ಹೆಸರು ಬೇಕಿಲ್ಲ.

ಭಾಷೆಯ ವಿಷಯದಲ್ಲಿ ಧಾರಾಳವಾಗಿರೋಣ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಯರವ ನುಡಿ, ಯಾವುದರಲ್ಲಿ ಕೇಳಿದರೂ ಸರಿ. ಬಲ್ಲವರಿಂದ ಕನ್ನಡಕ್ಕೆ ಹೇಳಿಸಿ, ಆ ಸಮಯವನ್ನು ಕೇಳಿದವರ ಒಂದು ನಿಮಿಷದಿಂದ ಕಳೆಯಬೇಡಿ. ಇಂಗ್ಲಿಷ್‌ನಲ್ಲಿ ಉತ್ತರ ಬಂದರೆ ಅದರ ತಿರುಳನ್ನು ಕನ್ನಡದಲ್ಲಿ ನೀವು ಹೇಳಬೇಕು. ಮಳೆ ಬಂದರೆ ಮಹಡಿಯ ಕೊಠಡಿಯಲ್ಲಿ ಶೀಟಿನ ಸದ್ದಿಗೆ ಮೈಕ್ ಕೂಡ ಸರಿಯಾಗಿ ಕೇಳಿಸುವುದಿಲ್ಲ. ಅಲ್ಲಿ ಪ್ರತಿ ಪ್ರಶ್ನೆಯನ್ನೂ ಒಮ್ಮೆ ಪುನಃ ಹೇಳಿ.

ಇಲ್ಲಿ ಸಭೆಯ ಅರ್ಧದಷ್ಟು ಜನ ನಿಮಗೆ ನೆಂಟರೋ ಸ್ನೇಹಿತರೋ ಹಳೆಯ ವಿದ್ಯಾರ್ಥಿಗಳೋ ಆಗಿರುತ್ತಾರೆ. ಪರಿಚಿತ ಮುಖದ ಕಡೆಗೇ ಕಣ್ಣು ಹೋಗುವುದು ಸಹಜ. ಕೈ ಎತ್ತಿದವರನ್ನು ‘ಅಣ್ಣ’, ‘ಅಕ್ಕ’, ಹೆಸರು ಎಂದೆಲ್ಲ ಕರೆಯದೆ, ‘ಎಡಗಡೆ ಮೂರನೆಯ ಸಾಲಿನವರು’ ಎಂದು ಕರೆಯಿರಿ. ಅಪರಿಚಿತರಿಗೆ ಇದು ತಮ್ಮದೂ ಸಭೆ ಎನಿಸುತ್ತದೆ. ಪ್ರಬಂಧಕಾರರಲ್ಲಿ ಯಾರಾದರೂ ನಿಮ್ಮ ಮನೆಯವರೋ ನಿಮ್ಮ ಮಾರ್ಗದರ್ಶನದಲ್ಲಿ ಕೆಲಸ ಮಾಡಿದವರೋ ಆಗಿದ್ದರೆ ಮೊದಲೇ ತಿಳಿಸಿ. ಆ ಪ್ರಬಂಧದ ಪ್ರಶ್ನೋತ್ತರವನ್ನಷ್ಟೇ ಇನ್ನೊಬ್ಬರು ನಡೆಸುತ್ತಾರೆ.

ಪ್ರಶ್ನೆಯ ಹೆಸರಿನಲ್ಲಿ ಭಾಷಣ ಮಾಡುವವರು ಎಲ್ಲೆಡೆ ಇರುತ್ತಾರೆ. ನೆರಳು ಮರಗಳ ಗೋಷ್ಠಿಯಲ್ಲಿ ಅದು ಖಂಡಿತ ಬರುತ್ತದೆ. ಸಿಲ್ವರ್ ಓಕ್ ಏಕೆ ಹೆಚ್ಚಾಯಿತು ಎಂದು ಕೇಳಲು ಎದ್ದವರು ಮರಗಳ ಮೇಲಿನ ಹಕ್ಕು, ಜಮ್ಮಾ ಬಾಣೆ, ಕಂದಾಯ ದಾಖಲೆ ಎಂದು ಹೋಗುವುದು ಸಹಜ, ಏಕೆಂದರೆ ಇವೆಲ್ಲ ಒಂದಕ್ಕೊಂದು ಹೆಣೆದುಕೊಂಡಿವೆ. ಅದನ್ನು ಅಪ್ರಸ್ತುತ ಎಂದು ತಳ್ಳಿಹಾಕಬೇಡಿ. ನಿಮಿಷ ಮುಗಿದಾಗ, ‘ನಿಮ್ಮ ಅಭಿಪ್ರಾಯವನ್ನು ವರದಿಗೆ ಬರೆದುಕೊಂಡಿದ್ದೇವೆ, ಈಗ ಪ್ರಬಂಧಕಾರರಿಗೆ ನಿಮ್ಮ ಪ್ರಶ್ನೆ ಏನು?’ ಎಂದು ಕೇಳಿ. ಪ್ರತಿ ಗೋಷ್ಠಿಗೂ ಒಬ್ಬ ವರದಿಗಾರರಿದ್ದಾರೆ, ಅವರು ನಿಜವಾಗಿ ಬರೆದುಕೊಳ್ಳುತ್ತಾರೆ. ಪ್ರಬಂಧ ಓದುವ ಅರಣ್ಯ ಇಲಾಖೆಯ ಸಿಬ್ಬಂದಿಗೆ ವೈಯಕ್ತಿಕ ಪರಿಹಾರದ ಅರ್ಜಿಗಳ ಬಗ್ಗೆ ಪ್ರಶ್ನೆ ಬಂದರೆ, ಚಹಾ ವಿರಾಮದಲ್ಲಿ ಹೊರಗಿನ ಮೇಜಿನ ಬಳಿ ಮಾತನಾಡಬಹುದೆಂದು ತಿಳಿಸಿ.

ಒಂದು ಸಂದರ್ಭದಲ್ಲಿ ಮಾತ್ರ ಗಡಿಯಾರವನ್ನು ಬದಿಗಿಡಿ. 2018ರ ಆಗಸ್ಟ್‌ನ ಭೂಕುಸಿತದಲ್ಲಿ ಮನೆ, ತೋಟ, ತಮ್ಮವರನ್ನು ಕಳೆದುಕೊಂಡವರು ಮೊದಲ ಗೋಷ್ಠಿಗೆ ಬರಬಹುದು. ಆನೆಯ ದಾಳಿಯಲ್ಲಿ ಮನೆಯವರನ್ನು ಕಳೆದುಕೊಂಡವರು ಮೂರನೆಯದಕ್ಕೆ ಬರಬಹುದು. ಅವರು ಎದ್ದು ತಮ್ಮ ಕಥೆ ಹೇಳತೊಡಗಿದರೆ ಒಂದು ನಿಮಿಷಕ್ಕೆ ಕೆಂಪು ಹಲಗೆ ತೋರಿಸುವುದು ನ್ಯಾಯವಲ್ಲ. ಹೇಳಿ ಮುಗಿಸಲು ಬಿಡಿ. ಬೇಕಾದ ಸಮಯವನ್ನು ನಿಮ್ಮ ಕೈಯಲ್ಲಿರುವ ಏಳು ನಿಮಿಷದಿಂದ ಕೊಡಿ. ಆಮೇಲೆ ಪ್ರಬಂಧಕಾರರು ಅಂಕಿಅಂಶ ಮುಂದಿಟ್ಟು ಅವರೊಂದಿಗೆ ವಾದಕ್ಕೆ ಇಳಿಯದಂತೆ ನೋಡಿಕೊಳ್ಳಿ. ಫೋಟೊ, ವಿಡಿಯೊ ತೆಗೆಯುವವರನ್ನು ಕೂಡಲೇ ತಡೆಯಿರಿ. ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ನಿಯಮ ಬರೆದು ಹೇಳಲಾಗದು. ನಿಮ್ಮ ವಿವೇಚನೆಯ ಮೇಲೆ ನಮಗೆ ಪೂರ್ಣ ನಂಬಿಕೆ ಇದೆ.

ವಿದ್ಯಾರ್ಥಿಗಳ ಪ್ರಬಂಧದ ಮೇಲೆ ಕಟುವಾದ ಪ್ರಶ್ನೆ ಬಂದರೆ ಪ್ರಶ್ನೆಯನ್ನು ಉಳಿಸಿ, ಕಟುತನವನ್ನು ತೆಗೆದು ನೀವೇ ಇನ್ನೊಮ್ಮೆ ಕೇಳಿ. ಉತ್ತರ ಗೊತ್ತಿಲ್ಲ ಎಂದು ಹೇಳುವ ಹಕ್ಕು ಅವರಿಗೂ ಇದೆ. ಯಾರೂ ಏನೂ ಕೇಳದಿದ್ದರೆ ನಿಮ್ಮದೊಂದು ಪ್ರಶ್ನೆ ಸಿದ್ಧವಿರಲಿ. ಅದಕ್ಕೆ ಅನುಕೂಲವಾಗಲೆಂದು ನಿಮ್ಮ ಗೋಷ್ಠಿಯ ನಾಲ್ಕು ಪ್ರಬಂಧಗಳ ಸಾರಾಂಶವನ್ನು ಈ ಪತ್ರದೊಂದಿಗೆ ಇಟ್ಟಿದ್ದೇವೆ.

24ರಂದು ಬೆಳಿಗ್ಗೆ 8.45ಕ್ಕೆ ದೊಡ್ಡ ಸಭಾಂಗಣದಲ್ಲಿ ಎಲ್ಲ ಅಧ್ಯಕ್ಷರೂ ಸ್ವಯಂಸೇವಕರೂ ಅರ್ಧ ಗಂಟೆ ಒಟ್ಟಿಗೆ ಸೇರೋಣ. ತಿಂಡಿ, ಕಾಫಿ ಅಲ್ಲೇ ಇರುತ್ತದೆ. ಇಲ್ಲಿ ಬರೆದಿರುವುದರಲ್ಲಿ ಯಾವುದಾದರೂ ನಿಮಗೆ ಸರಿ ಕಾಣದಿದ್ದರೆ 15ನೇ ತಾರೀಖಿನೊಳಗೆ ತಿಳಿಸಿ. ಬದಲಾವಣೆ ಆದರೆ ಎಲ್ಲ ಗೋಷ್ಠಿಗಳಿಗೂ ಒಂದೇ ರೀತಿಯಲ್ಲಿ ಆಗಬೇಕಾದ್ದರಿಂದ ಅದಕ್ಕಿಂತ ತಡವಾದರೆ ಕಷ್ಟ.

ವಿಶ್ವಾಸದಿಂದ,
ಸಂಚಾಲಕರು
ವಿಚಾರ ಸಂಕಿರಣ ಸಮಿತಿ, ಮಡಿಕೇರಿ