ಬೀದರ್‌ಗೆ ಹೊರಟಳು ನಮ್ಮ ಪುಟ್ಟಿ

ಫೋಟೋದಲ್ಲಿ ಹಾಸ್ಟೆಲ್ ಗೇಟಿನ ಮುಂದೆ ನೀಲಿ ಬಕೆಟ್ ಹಿಡಿದು ನಗ್ತಾ ನಿಂತಿರೋಳು ನನ್ನ ಮಗಳು. ಬಕೆಟ್ಟಲ್ಲಿ ಮಗ್ಗು, ಎರಡು ಬೀಗ, ಬಟ್ಟೆ ಕ್ಲಿಪ್ಪು, ಕೊನೇ ಗಳಿಗೆಯಲ್ಲಿ ನಾನು ತುರುಕಿದ ಚಟ್ನಿಪುಡಿ ಡಬ್ಬಿ. ಅವಳ ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಅಳು ಬಂದದ್ದು ಫೋಟೋ ತೆಗೀತಿದ್ದ ನನಗೆ.

ನಮ್ಮನೆ ಹುಡುಗಿ ಬೀದರ್‌ನ ಪಶುವೈದ್ಯಕೀಯ ಕಾಲೇಜಿಗೆ ಸೇರಿದಳು. ಇಂಟರ್ನ್‌ಷಿಪ್ ಸೇರಿ ಐದೂವರೆ ವರ್ಷದ ಓದು.

ಇದೆಲ್ಲ ಶುರುವಾಗಿದ್ದು ನಮ್ಮ ಬೀದಿನಾಯಿ ಕರಿಯನಿಂದ. ಇವಳು ಎಂಟನೇ ಕ್ಲಾಸಲ್ಲಿದ್ದಾಗ ಯಾರೋ ಸ್ಕೂಟರ್ ಹತ್ತಿಸಿ ಅದರ ಹಿಂಗಾಲು ಮುರಿದಿತ್ತು. ಹಳೇ ಬೆಡ್‌ಶೀಟಲ್ಲಿ ಸುತ್ತಿಕೊಂಡು, ಹನುಮಂತನಗರದಿಂದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಆಟೋ ಮಾಡಿಸಿದಳು. ದಾರಿಯುದ್ದಕ್ಕೂ ನಾಯಿ ಅವಳ ತೊಡೆ ಮೇಲೆ. ಅಲ್ಲಿ ಒಬ್ಬ ಲೇಡಿ ಡಾಕ್ಟರು ಪಟ್ಟಿ ಹಾಕೋದನ್ನ ಇವಳು ನೋಡ್ತಿದ್ದ ರೀತಿ ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ವಾಪಸ್ ಬರುವಾಗ ಒಂದೇ ಮಾತು: "ಅಮ್ಮ, ನಾನೂ ಇದನ್ನೇ ಓದ್ತೀನಿ."

ಓದಿದ್ದು ಹೆಬ್ಬಾಳದ ಆಸೆಯಲ್ಲೇ. ಮನೆಯಿಂದಲೇ ಹೋಗಿ ಬರಬಹುದು ಅಂತ ನನ್ನ ಆಸೆ ಅದಕ್ಕಿಂತ ದೊಡ್ಡದಿತ್ತು. ಸಿಇಟಿ ರ‍್ಯಾಂಕಿಗೆ ಹೆಬ್ಬಾಳ ಬರಲಿಲ್ಲ, ಬೀದರ್ ಬಂತು. ಇಲ್ಲೇ ಹತ್ತಿರದಲ್ಲಿ ಒಂದು ಇಂಜಿನಿಯರಿಂಗ್ ಸೀಟೂ ಸಿಗ್ತಿತ್ತು. "ಹೆಣ್ಣುಮಗು, ಅಷ್ಟು ದೂರ ಯಾಕೆ ಕಳಿಸ್ತೀರ?" ಅಂತ ನೆಂಟರು ಕೇಳಿದರು. ನಿಜ ಹೇಳ್ತೀನಿ, ಆ ರಾತ್ರಿ ನನಗೂ ಹಾಗೇ ಅನ್ನಿಸಿತ್ತು. ಇವಳು ಮಾತ್ರ ಬೆಳಿಗ್ಗೆ ಎದ್ದವಳೇ ಸೀಟು ಒಪ್ಪಿಕೊಂಡು, ಫೀಸು ಕಟ್ಟೋಕೆ ಅಪ್ಪನ ಮುಂದೆ ಕೈಚಾಚಿ ನಿಂತಳು. ನನಗೆ ಹೆಮ್ಮೆ ಇರೋದು ಆ ಬೆಳಗಿನ ಬಗ್ಗೆ. ರ‍್ಯಾಂಕಿನ ಬಗ್ಗೆ ಅಲ್ಲ.

ಯಶವಂತಪುರದಿಂದ ರಾತ್ರಿ ರೈಲು. ಸುಮಾರು 700 ಕಿಲೋಮೀಟರ್. ಬೆಳಕು ಹರಿದಾಗ ಕಿಟಕಿಯಾಚೆ ತೊಗರಿ ಹೊಲ, ಆಮೇಲೆ ಬೀದರಿನ ಕೆಂಪು ಮಣ್ಣು. ಹಾಸ್ಟೆಲ್ಲಿನಲ್ಲಿ ನಾನು ಮಂಚದ ಕಾಲು ಅಲ್ಲಾಡಿಸಿ ನೋಡಿದೆ, ಕಿಟಕಿ ಚಿಲಕ ಹಾಕಿ ತೆಗೆದು ನೋಡಿದೆ, ನೀರು ಯಾವಾಗ ಬರುತ್ತೆ ಅಂತ ಮೂರು ಸಲ ಕೇಳಿದೆ. ಅಡುಗೆಮನೆಯಲ್ಲಿ ಜೋಳದ ರೊಟ್ಟಿ ಬಡೀತಿದ್ದ ಅಕ್ಕ ನನ್ನ ಮುಖ ನೋಡಿ, "ನೀವೇನ್ ಚಿಂತಿ ಮಾಡಬ್ಯಾಡ್ರಿ, ನಮ್ ಹುಡುಗಿ ಇದ್ದಂಗ" ಅಂದರು. ಆ ಒಂದು ಮಾತಿಗೆ ನಾನು ಅವರ ಕೈ ಹಿಡಿದುಕೊಂಡೆ. ಹೆಸರೂ ಕೇಳಲಿಲ್ಲ.

ಮನೆಗೆ ಬಂದು ನಾಲ್ಕು ದಿನ ಆಯ್ತು.

ನಂದಿನಿ ಹಾಲು ಎರಡು ಪ್ಯಾಕೆಟ್ ಬರ್ತಿತ್ತು, ಒಂದು ಸಾಕು ಅಂತ ಹಾಲಿನವರಿಗೆ ಹೇಳಬೇಕು. ಇನ್ನೂ ಹೇಳಿಲ್ಲ. ಮಿಕ್ಕಿದ್ದಕ್ಕೆ ಹೆಪ್ಪು ಹಾಕ್ತಿದ್ದೀನಿ, ಫ್ರಿಜ್ಜಿನ ತುಂಬ ಮೊಸರು. ಬೆಳಿಗ್ಗೆ ಬಾತ್‌ರೂಮ್ ಬಾಗಿಲು ಬಡಿಯೋರಿಲ್ಲ. ಅವಳ ರೂಮಿನ ಫ್ಯಾನು ಆರಿಸೋಕೆ ನಾನು ಎದ್ದು ಹೋಗೋದಿಲ್ಲ, ಹೋದರೂ ಅದು ಆರೇ ಇರುತ್ತೆ. ಇವರು ಬಾಯಿಬಿಟ್ಟು ಏನೂ ಹೇಳಲ್ಲ. ಆದರೆ ನಿನ್ನೆ ಆಫೀಸಿಂದ ಬರ್ತಾ ಕಾಂಗ್ರೆಸ್ ಕಡ್ಲೆಬೀಜದ ಪೊಟ್ಟಣ ತಂದು ಅವಳ ಮೇಜಿನ ಮೇಲಿಟ್ಟರು. ಅಲ್ಲಿಟ್ಟ ಮೇಲೆ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು. ಕಾರ್ತಿಕದ ಕೊನೇ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಈ ಸಲ ನಾವಿಬ್ಬರೇ.

ಕರಿಯನಿಗೆ ಇದೆಲ್ಲ ಹೇಗೆ ಹೇಳೋದು? ರಾತ್ರಿ ಒಂಬತ್ತಕ್ಕೆ ಸರಿಯಾಗಿ, ಆ ಹಿಂಗಾಲು ಸ್ವಲ್ಪ ಎಳೆದುಕೊಂಡೇ ಮೆಟ್ಟಿಲು ಹತ್ತಿ ಬರುತ್ತೆ. ಈಗ ಹಾಲು ಅನ್ನ ಕಲಸಿ ಹಾಕೋದು ನಾನು. ತಿನ್ನುತ್ತೆ, ತಿಂದು ನನ್ನ ಹಿಂದಿನ ಬಾಗಿಲು ನೋಡುತ್ತೆ. ಮೊನ್ನೆ ವಿಡಿಯೋ ಕಾಲ್ ಮಾಡಿ ಫೋನನ್ನ ಅದರ ಮೂತಿ ಹತ್ತಿರ ಹಿಡಿದೆ. ಅವಳು "ಕರಿಯಾ" ಅಂದಿದ್ದಕ್ಕೆ ಬಾಲ ಮೆಟ್ಟಿಲಿಗೆ ಪಟಪಟ ಬಡೀತು. ಆಚೆ ಕಡೆ ಅವಳು ಹೊಸ ಬಿಳಿ ಕೋಟು ಹಾಕಿಕೊಂಡು ತೋರಿಸ್ತಿದ್ದಳು. ತೋಳು ಒಂದಿಂಚು ಉದ್ದ. ಮಡಚಿಕೋ ಅಂದೆ. "ಆಯ್ತ್ರಿ ಅಮ್ಮಾರ" ಅಂದಳು, ನಾಲ್ಕೇ ದಿನಕ್ಕೆ!

ರೈಲಿನ ರಿಸರ್ವೇಶನ್ 60 ದಿನ ಮುಂಚೆ ತೆರೆಯುತ್ತೆ. ಇವರು ಕ್ಯಾಲೆಂಡರಲ್ಲಿ ದೀಪಾವಳಿಯಿಂದ ಹಿಂದಕ್ಕೆ ಎಣಿಸಿ ಒಂದು ತಾರೀಖಿಗೆ ಕೆಂಪು ಪೆನ್ನಲ್ಲಿ ಸುತ್ತು ಹಾಕಿದ್ದಾರೆ. ಆ ದಿನ ಬೆಳಿಗ್ಗೆ ಎಂಟಕ್ಕೆ ನಾವಿಬ್ಬರೂ ಫೋನ್ ಹಿಡಿದು ಕೂತಿರ್ತೀವಿ. ಬೀದರ್‌ನಿಂದ ಯಶವಂತಪುರಕ್ಕೆ, ಒಂದು ಟಿಕೆಟ್, ಲೋಯರ್ ಬರ್ತ್.