ಫೆಲೋಶಿಪ್ ಅರ್ಜಿಯ ಐದು ನಿಮಿಷದ ವಿಡಿಯೊ: ನಾನು ಮಾತಾಡುವ ಸ್ಕ್ರಿಪ್ಟ್

ಅರ್ಜಿಯಲ್ಲಿ ಕೇಳಿರುವುದು ಇಷ್ಟು. ವಿಡಿಯೊ ಐದು ನಿಮಿಷ ಮೀರಬಾರದು. ಕನ್ನಡ ಅಥವಾ ಇಂಗ್ಲಿಷ್ ಯಾವುದಾದರೂ ಸರಿ. ಒಂದೇ ಟೇಕ್, ಎಡಿಟಿಂಗ್ ಇಲ್ಲ, ಹಿಂದೆ ಹಾಡು ಇಲ್ಲ. ಮುಖ ಕಾಣಬೇಕು. ನಾನು ಯಾರು, ಏನು ಕೆಲಸ ಮಾಡಿದ್ದೇನೆ, ಈ ಒಂದು ವರ್ಷದಲ್ಲಿ ಏನು ಕಲಿಯಬೇಕು ಅಂತ ಹೇಳಬೇಕು.

ಕನ್ನಡದಲ್ಲೇ ಮಾತಾಡುತ್ತೇನೆ. ಕೆಳಗಿನದನ್ನು ಗಡಿಯಾರ ಇಟ್ಟುಕೊಂಡು ಮೂರು ಸಲ ಜೋರಾಗಿ ಓದಿದೆ. 4 ನಿಮಿಷ 40 ಸೆಕೆಂಡ್ ಆಗುತ್ತದೆ. ಉಳಿದ 20 ಸೆಕೆಂಡ್ ಉಸಿರಿಗೆ ಬೇಕು, ಗಾಳಿ ಜೋರಾದರೆ ಒಂದು ಕ್ಷಣ ನಿಲ್ಲಲು ಬೇಕು. ಅಲ್ಲಿ ಹೊಸ ಮಾತು ಸೇರಿಸಬಾರದು.

ಮಾತಿನ ಧಾಟಿ: ವೇದಿಕೆ ಭಾಷಣ ಅಲ್ಲ. ಮನೆಗೆ ಬಂದ ಮೇಷ್ಟ್ರಿಗೆ ಚಹಾ ಕೊಟ್ಟು, ಎದುರು ಕೂತು ಹೇಳುವ ಹಾಗೆ. ಮೊದಲ ಪ್ರತಿಯಲ್ಲಿ "ಚಿಕ್ಕಂದಿನಿಂದಲೂ ನೀರಿನ ಬಗ್ಗೆ ಕೆಲಸ ಮಾಡುವ ಕನಸಿತ್ತು" ಅಂತ ಬರೆದಿದ್ದೆ. ತೆಗೆದು ಹಾಕಿದೆ. ನಿಜ ಅಲ್ಲ ಅದು. ಚಿಕ್ಕಂದಿನಲ್ಲಿ ಕಾಲುವೆ ಅಂದರೆ ನನಗೆ ಬಟ್ಟೆ ಒಗೆಯುವ ಜಾಗ, ಅಷ್ಟೇ. "ರೈತನೇ ದೇಶದ ಬೆನ್ನೆಲುಬು" ಅನ್ನುವ ಸಾಲನ್ನೂ ತೆಗೆದೆ. ಅಪ್ಪನ ವಿಷಯ ಹೇಳಿದರೆ ಸಾಕು.

ತಮ್ಮನಿಗೆ: ಬೆಳಿಗ್ಗೆ ಏಳಕ್ಕೆ ಕಾಲುವೆ ಹತ್ತಿರ ಇರಬೇಕು. ಎಂಟಾದರೆ ಟ್ರ್ಯಾಕ್ಟರ್ ಓಡಾಟ ಶುರುವಾಗುತ್ತದೆ, ಬಿಸಿಲೂ ಕಣ್ಣಿಗೆ ಹೊಡೆಯುತ್ತದೆ. ಫೋನ್ ಅಡ್ಡ ಹಿಡಿ. ನನ್ನ ಎದೆಯಿಂದ ಮೇಲೆ ಕಾಣಬೇಕು, ಎಡಗಡೆ ಕಾಲುವೆ ಕಾಣಬೇಕು. ವೈರ್ ಮೈಕ್ ದುಪಟ್ಟಾದ ಒಳಗೆ ಇರುತ್ತದೆ, ಗಾಳಿ ಶಬ್ದ ಕಡಿಮೆ ಆಗುತ್ತದೆ. ನಾನು ತೊದಲಿದರೆ ನಿಲ್ಲಿಸಬೇಡ. ನಗಬೇಡ. ಯಾರಾದರೂ ಬಂದು "ಏನ್ ನಡೆದೈತಿ" ಅಂತ ಕೇಳಿದರೆ ಮಾತ್ರ ನಿಲ್ಲಿಸು, ಮೊದಲಿನಿಂದ ಮಾಡೋಣ.

0:00 ರಿಂದ 0:35. ನಾನು ಯಾರು

(ನಿಂತುಕೊಂಡೇ. ಕೈಯಲ್ಲಿ ನೋಟ್‌ಬುಕ್, ಇನ್ನೂ ತೋರಿಸಬಾರದು.)

ನಮಸ್ಕಾರ. ನಾನು ಶರಣಮ್ಮ. ಊರು ರಾಯಚೂರು ಜಿಲ್ಲೆಯ ಸಿರವಾರ ತಾಲ್ಲೂಕು. ನನ್ನ ಪಕ್ಕದಲ್ಲಿ ಕಾಣುತ್ತಿರುವುದು ತುಂಗಭದ್ರಾ ಎಡದಂಡೆ ಕಾಲುವೆಯಿಂದ ಬರುವ ಒಂದು ವಿತರಣಾ ಕಾಲುವೆ. ಡ್ಯಾಂ ಇಲ್ಲಿಂದ ನೂರು ಕಿಲೋಮೀಟರಿಗೂ ದೂರ. ಅಲ್ಲಿ ಬಿಟ್ಟ ನೀರು ಕೊಪ್ಪಳ ಜಿಲ್ಲೆ ದಾಟಿ, ಸಿಂಧನೂರು, ಮಾನ್ವಿ ದಾಟಿ ನಮ್ಮ ಕಡೆ ಬರಬೇಕು. ನಮ್ಮನ್ನು ಕೆಳಭಾಗದವರು ಅಂತ ಕರೆಯುತ್ತಾರೆ. ನಾನು ಬಿ.ಎಸ್ಸಿ. ಮುಗಿಸಿದ್ದೇನೆ. ಸಂಜೆ ಊರಿನ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಬೆಳಿಗ್ಗೆ ಈ ಕಾಲುವೆಯ ನೀರು ಅಳೆಯುತ್ತೇನೆ.

0:35 ರಿಂದ 1:35. ಎರಡು ಮನೆ, ಒಂದು ಕಾಲುವೆ

(ಇದನ್ನು ನಿಧಾನಕ್ಕೆ. ಮಾವನ ಮೇಲೆ ಸಿಟ್ಟು ಬಂದ ಹಾಗೆ ಕೇಳಬಾರದು. ಸಿಟ್ಟಿಲ್ಲ ನನಗೆ.)

ನನ್ನ ಅವ್ವನ ತವರು ಕಾರಟಗಿ ಕಡೆ. ಅವರಿಗೂ ಇದೇ ಕಾಲುವೆ. ಅಲ್ಲಿ ನನ್ನ ಸೋದರಮಾವ ವರ್ಷಕ್ಕೆ ಎರಡು ಸಲ ಭತ್ತ ನಾಟಿ ಮಾಡುತ್ತಾರೆ. ರಜೆಗೆ ಹೋದಾಗ ಗದ್ದೆಯ ಬದುವಿನ ಮೇಲೆ ನಡೆದರೆ ಎರಡೂ ಕಡೆ ನೀರು. ವಾಪಸ್ ಬಸ್ಸಿನಲ್ಲಿ ಮನೆಗೆ ಬಂದರೆ, ನಮ್ಮ ನಾಲ್ಕು ಎಕರೆಯಲ್ಲಿ ಅಪ್ಪ ಹತ್ತಿ ಗಿಡದ ಬುಡ ಕೆದರಿ ಹಸಿ ಇದೆಯಾ ಅಂತ ನೋಡುತ್ತಿರುತ್ತಾರೆ.

ಊರಿನಲ್ಲಿ ಎಲ್ಲರೂ ಹೇಳುವುದು ಒಂದೇ. ಮೇಲಿನವರು ನೀರು ಕದಿಯುತ್ತಾರೆ ಅಂತ. ನನಗೆ ಹಾಗೆ ಹೇಳಲು ಬಾಯಿ ಬರುವುದಿಲ್ಲ. ಮೇಲಿನವರು ಅಂದರೆ ನನ್ನ ಮಾವ. ಬೇಸಿಗೆಯಲ್ಲಿ ನಮ್ಮ ಮನೆಗೆ ಅಕ್ಕಿ ಚೀಲ ಕಳಿಸುವವರು ಅವರೇ.

ಈ ಯೋಜನೆ ಮಾಡಿದಾಗ ಇಲ್ಲಿನ ಹೆಚ್ಚಿನ ಜಮೀನಿಗೆ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆ ಅಂತ ಲೆಕ್ಕ ಹಾಕಿದ್ದರು. ಮೇಲ್ಭಾಗದಲ್ಲಿ ಭತ್ತ ಜಾಸ್ತಿ ಆಯಿತು. 133 ಟಿಎಂಸಿ ಹಿಡಿಯುತ್ತಿದ್ದ ಡ್ಯಾಂ ಹೂಳು ತುಂಬಿ ಈಗ ಸುಮಾರು 105ಕ್ಕೆ ಬಂದಿದೆ. ಕೊರತೆ ಬಂದರೆ ಮೊದಲು ಒಣಗುವುದು ಕಾಲುವೆಯ ತುದಿ.

(ಟಿಎಂಸಿ ಲೆಕ್ಕ ಇಷ್ಟೇ ಸಾಕು. ಹಿಂದೆ ಬರೆದಾಗ ಅಂಕಿಗಳೇ ಒಂದು ನಿಮಿಷ ತಿಂದಿದ್ದವು. ಅಂಕಿ ಬೇಕಾದವರಿಗೆ ಅರ್ಜಿಯಲ್ಲಿ ಬರೆದಿದ್ದೇನೆ.)

1:35 ರಿಂದ 3:25. ನೋಟ್‌ಬುಕ್

(ವಿಡಿಯೊದ ಜೀವ ಇಲ್ಲಿದೆ. ಅವಸರ ಬೇಡ. ತಮ್ಮ, ನಾನು ನೋಟ್‌ಬುಕ್ ಎತ್ತಿದ ಮೇಲೆ ಎರಡು ಹೆಜ್ಜೆ ಹತ್ತಿರ ಬಾ.)

2024ರ ಆಗಸ್ಟ್ 10ರ ರಾತ್ರಿ ಡ್ಯಾಂನ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋಯಿತು. ಬೆಳಿಗ್ಗೆ ಅಪ್ಪ ಅಂಗಳದಲ್ಲಿ ನಿಂತು ಫೋನಿನಲ್ಲಿ ಅದರ ವಿಡಿಯೊ ಮತ್ತೆ ಮತ್ತೆ ನೋಡುತ್ತಿದ್ದರು. ಚಹಾ ಆರಿಹೋಗಿತ್ತು. ಒಂದು ವಾರದಲ್ಲಿ ಸ್ಟಾಪ್‌ಲಾಗ್ ಇಳಿಸಿ ನೀರು ನಿಲ್ಲಿಸಿದರು, ಆಮೇಲೆ ಮಳೆ ಬಂದು ಡ್ಯಾಂ ಮತ್ತೆ ತುಂಬಿತು. ಆದರೆ ಆ ವಾರ ಊರಲ್ಲಿ ನಾನು ಒಂದು ಪ್ರಶ್ನೆ ಕೇಳಿದೆ. ಗೇಟ್ ಸರಿ ಇದ್ದಾಗ ನಮ್ಮ ಕಾಲುವೆಗೆ ದಿನಕ್ಕೆ ಎಷ್ಟು ನೀರು ಬರುತ್ತಿತ್ತು? ಯಾರಿಗೂ ಗೊತ್ತಿರಲಿಲ್ಲ. ಬಂದೈತಿ, ಬಂದಿಲ್ಲ, ಸಾಲಂಗಿಲ್ಲ. ಇಷ್ಟೇ ಉತ್ತರ.

ಅವತ್ತು ಈ ನೋಟ್‌ಬುಕ್ ಶುರು ಮಾಡಿದೆ.

(ಎತ್ತಿ ತೋರಿಸು. ಮೊದಲ ಪುಟ. ಮೂರು ಸೆಕೆಂಡ್ ಮಾತಿಲ್ಲ.)

ಅಲ್ಲಿ ತೂಬಿನ ಪಕ್ಕದ ಸಿಮೆಂಟ್ ಗೋಡೆಯ ಮೇಲೆ ಬಿಳಿ ಗೆರೆಗಳು ಕಾಣುತ್ತವೆ ಅಲ್ವಾ? ಟೇಪ್ ಹಿಡಿದು ನಾನೇ ಬಳಿದದ್ದು. ಒಂದೊಂದು ಇಂಚಿಗೆ ಒಂದು ಗೆರೆ.

(ತಮ್ಮ, ಈಗ ಮಾತ್ರ ಫೋನ್ ಕಾಲುವೆ ಕಡೆ ತಿರುಗಿಸು. ಐದು ಎಣಿಸಿ ವಾಪಸ್ ನನ್ನ ಮುಖಕ್ಕೆ ಬಾ.)

ದಿನಾ ಬೆಳಿಗ್ಗೆ ಆರೂವರೆಗೆ ಬಂದು ನೀರು ಎಷ್ಟು ಗೆರೆ ಮುಟ್ಟಿದೆ ಅಂತ ಬರೆಯುತ್ತೇನೆ. ತಾರೀಖು, ಹೊತ್ತು, ಅಡಿ, ಇಂಚು. ನೀರು ಬರದ ದಿನ ಸೊನ್ನೆ ಬರೆಯುತ್ತೇನೆ. ಸೊನ್ನೆಯನ್ನೂ ಬರೆಯಲೇಬೇಕು ಅನ್ನುವುದು ನನಗೆ ಮುಖ್ಯ.

ಎರಡು ತಿಂಗಳು ಹೀಗೆ ಬರೆದ ಮೇಲೆ ಕಾಲುವೆಯ ಗ್ಯಾಂಗ್‌ಮನ್ ಕಾಕಾ ಒಂದು ದಿನ ನನ್ನ ಪುಸ್ತಕ ನೋಡಿದರು. ಆ ದಿನ ಎರಡು ಅಡಿ ಅಂತ ಬರೆದಿದ್ದೆ. ಅವರು ಏನೂ ಹೇಳದೆ ಕೈಯಲ್ಲಿದ್ದ ಕೋಲು ನೀರಿಗೆ ಇಳಿಸಿದರು. ತಳ ಮುಟ್ಟಿಸಿ ಎತ್ತಿದರು. ಕೋಲಿನ ಅರ್ಧಕ್ಕೆ ಕಪ್ಪು ಕೆಸರು ಅಂಟಿತ್ತು. "ಎರಡಡಿ ಒಳಗ ಒಂದಡಿ ಹೂಳು ಐತಿ ತಂಗಿ. ನೀರು ಒಂದೇ ಅಡಿ ಹರೀತೈತಿ" ಅಂದರು.

ಎರಡು ತಿಂಗಳ ಲೆಕ್ಕ ತಪ್ಪಿತ್ತು. ನಮ್ಮ ಊರಿಗೆ ಬಂದಿದ್ದಕ್ಕಿಂತ ಜಾಸ್ತಿ ನೀರು ಬಂದಿದೆ ಅಂತ ನಾನೇ ನನ್ನ ಕೈಯಾರೆ ಬರೆದಿದ್ದೆ. ಆ ಪುಟಗಳನ್ನು ಹರಿಯಲಿಲ್ಲ. ಪಕ್ಕದಲ್ಲಿ ಕೆಂಪು ಇಂಕಿನಲ್ಲಿ 'ಹೂಳು ಅಳೆದಿಲ್ಲ' ಅಂತ ಬರೆದೆ. ಆಮೇಲಿಂದ ವಾರಕ್ಕೊಮ್ಮೆ ಹೂಳೂ ಅಳೆಯುತ್ತೇನೆ.

(ಕೆಂಪು ಇಂಕಿನ ಪುಟ ತೋರಿಸು. ಅಕ್ಕ ಹೇಳಿದಳು, ಅರ್ಜಿ ವಿಡಿಯೊದಲ್ಲಿ ತಪ್ಪು ಹೇಳಬಾರದು ಅಂತ. ಎರಡು ದಿನ ಯೋಚಿಸಿದೆ. ಇದು ಇಲ್ಲದಿದ್ದರೆ ನಾನು ಯಾಕೆ ಕಲಿಯಬೇಕು ಅನ್ನುವುದಕ್ಕೇ ಕಾರಣ ಇರುವುದಿಲ್ಲ. ಇರಲಿ.)

3:25 ರಿಂದ 4:15. ಏನು ಕಲಿಯಬೇಕು

(ಈಗ ನೋಟ್‌ಬುಕ್ ಮುಚ್ಚು. ಕ್ಯಾಮೆರಾ ನೋಡು, ಪುಸ್ತಕ ನೋಡಬೇಡ.)

ನನಗೆ ಎತ್ತರ ಅಳೆಯಲು ಬರುತ್ತದೆ. ಹರಿವು ಅಳೆಯಲು ಬರುವುದಿಲ್ಲ. ಒಂದು ಸೆಕೆಂಡಿಗೆ ಎಷ್ಟು ಘನ ಅಡಿ ನೀರು ಹೋಗುತ್ತದೆ, ಅದಕ್ಕೆ ಕಾಲುವೆಯ ಅಗಲ, ನೀರಿನ ವೇಗ ಎಲ್ಲ ಬೇಕು. ಅದನ್ನು ಸರಿಯಾಗಿ, ನಾಳೆ ಇಂಜಿನಿಯರ್ ಎದುರು ಇಟ್ಟರೂ ನಿಲ್ಲುವ ಹಾಗೆ ಮಾಡಲು ಕಲಿಯಬೇಕು.

ಎರಡನೆಯದು ಅದಕ್ಕಿಂತ ಕಷ್ಟ. ನೀರು ಬಳಕೆದಾರರ ಸಹಕಾರ ಸಂಘ ಕಾಗದದ ಮೇಲೆ ಇದ್ದರೆ ಸಾಲದು. ಅದನ್ನು ನಡೆಸುವುದು ಹೇಗೆ? ಸರದಿ ಯಾರು ಹಾಕುತ್ತಾರೆ, ಸರದಿ ಮುರಿದವರ ಹತ್ತಿರ ಯಾರು ಮಾತಾಡುತ್ತಾರೆ? ಮೇಲ್ಭಾಗ, ಕೆಳಭಾಗ ಎರಡೂ ಕಡೆಯವರು ಒಂದೇ ಕಡೆ ಕೂತು ಒಂದೇ ಲೆಕ್ಕ ನೋಡುವುದು ಹೇಗೆ? ಬೇರೆ ಊರುಗಳಲ್ಲಿ ಈ ಕೆಲಸ ಮಾಡಿದವರ ಜೊತೆ ಇದ್ದು ನೋಡಬೇಕು. ಅದಕ್ಕೇ ಈ ಫೆಲೋಶಿಪ್‌ಗೆ ಅರ್ಜಿ ಹಾಕಿದ್ದೇನೆ.

4:15 ರಿಂದ 4:40. ಆಮೇಲೆ

(ಇಲ್ಲಿ ದೊಡ್ಡ ಮಾತು ಬೇಡ. ನನ್ನ ಕೈಲಾಗುವುದನ್ನು ಮಾತ್ರ ಹೇಳಬೇಕು.)

ಒಂದು ವರ್ಷ ಮುಗಿದ ಮೇಲೆ ಊರಿಗೆ ಬರುತ್ತೇನೆ. ಈ ವಿತರಣಾ ಕಾಲುವೆಯ ಮೇಲೆ ಮೂರು ಜಾಗದಲ್ಲಿ, ಮೂರು ಊರಿನ ಹುಡುಗ ಹುಡುಗಿಯರಿಗೆ ಅಳತೆ ಕಲಿಸುತ್ತೇನೆ. ದಿನದ ಲೆಕ್ಕವನ್ನು ಎಲ್ಲರಿಗೂ ಕಾಣುವ ಹಾಗೆ ಬೋರ್ಡ್ ಮೇಲೆ ಬರೆಯುತ್ತೇವೆ. ಮೊದಲ ತಿಂಗಳ ಲೆಕ್ಕ ತೆಗೆದುಕೊಂಡು ನಾನು ಕಾರಟಗಿಗೆ ಹೋಗುತ್ತೇನೆ. ಅಪ್ಪನೂ ಬರುತ್ತೇನೆ ಅಂದಿದ್ದಾರೆ. ಮಾವನ ಎದುರು ಇಟ್ಟು, ಮಾವಾ, ನೀವೇ ನೋಡಿ ಹೇಳಿ ಅನ್ನುತ್ತೇನೆ.

ನಮಸ್ಕಾರ.

(ತಮ್ಮ, ನಮಸ್ಕಾರ ಆದ ತಕ್ಷಣ ಫೋನ್ ಇಳಿಸಬೇಡ. ಮನಸ್ಸಿನಲ್ಲಿ ಮೂರು ಎಣಿಸು, ಆಮೇಲೆ ನಿಲ್ಲಿಸು. ಫೈಲಿಗೆ ನನ್ನ ಹೆಸರು ಕೊಟ್ಟು ಉಳಿಸು. ಅಪ್‌ಲೋಡ್ ಸಿರವಾರದಲ್ಲಿ ಮಾಡೋಣ, ಇಲ್ಲಿ ನೆಟ್‌ವರ್ಕ್ ನಡುವೆ ಕಟ್ ಆಗುತ್ತದೆ.)